ಮಾವನ ಕ್ಯಾಮೆರಾ 12 ಸೆಕೆಂಡ್ ಲೇಟ್, ಯಾರಾದ್ರೂ ದಾರಿ ತೋರಿಸಿ

ಕೌಲ್‌ಬಜಾರ್ ಕಿಟ್ಟಿ (ಬಳ್ಳಾರಿ)
ತಲೆ ಕೆಟ್ಟು ಹೋಗಿದೆ. ನಮ್ಮ ಸೋದರಮಾವನಿಗೆ ಕಣ್ಣು ಕಾಣಿಸುವುದಿಲ್ಲ. ಅವರಿಗೆ ಎದೆ ಮೇಲೆ ತೂಗುಹಾಕುವ ಕ್ಯಾಮೆರಾ ಮಾಡಿಕೊಟ್ಟಿದ್ದೇನೆ. ಅದು ಫೋಟೋ ತೆಗೆದು, ಚಿತ್ರ ನೋಡಿ ವಿವರಿಸುವ ಮಾಡೆಲ್‌ಗೆ ಫೋನ್ ಹಾಟ್‌ಸ್ಪಾಟ್‌ನ ನೆಟ್‌ನಲ್ಲಿ ಕಳಿಸುತ್ತದೆ. ಉತ್ತರ ಕನ್ನಡದಲ್ಲಿ ಕಿವಿಗೆ ಬರುತ್ತದೆ. ಆದರೆ 12 ಸೆಕೆಂಡ್ ತಡ! ನಿನ್ನೆ "ಮುಂದೆ ತಳ್ಳುಗಾಡಿ ಇದೆ" ಅನ್ನುವಷ್ಟರಲ್ಲಿ ಮಾವ ಮಿರ್ಚಿ ಗಾಡಿಗೆ ಗುದ್ದಿ, ಬೈಸಿಕೊಂಡೂ ಆಗಿತ್ತು. ಮೇಲಿಂದ ಫೋನ್ ಚಾರ್ಜ್ ಎರಡೂವರೆ ಗಂಟೆಗೆ ಖಾಲಿ.

ರಾಯಚೂರು ವೈರ್‌ಮನ್
ಬಿಸಿಲು ಸ್ವಾಮಿ, ಬಿಸಿಲು. ಬೋರ್ಡ್ ಕಾದು ನಿಧಾನ ಆಗುತ್ತಿದೆ. ನಮ್ಮ ಕಡೆ ಮೇ ತಿಂಗಳಲ್ಲಿ ಏನೂ ಓಡಲ್ಲ. ಹೀಟ್‌ಸಿಂಕ್ ಹಾಕಿ.

ಕೌಲ್‌ಬಜಾರ್ ಕಿಟ್ಟಿ
ಹಾಕಿದೆ ಅಣ್ಣ. ಅಷ್ಟೇ ತಡ.

ರಾಯಚೂರು ವೈರ್‌ಮನ್
ಹಾಗಾದರೆ ಚಿಕ್ಕದು ಹಾಕಿದ್ದೀರಿ. ಸಣ್ಣ ಫ್ಯಾನ್ ಕೂಡಿಸಿ.

ಗವಿಮಠ ರಸ್ತೆ
ಎದೆ ಮೇಲೆ ಫ್ಯಾನಾ? 😀 ನನ್ನ ಬೈಕ್ ಹೆಲ್ಮೆಟ್ ಕ್ಯಾಮೆರಾ ಕೊಪ್ಪಳದಿಂದ ಹಂಪಿವರೆಗೆ ಒಂದೇ ಚಾರ್ಜ್‌ನಲ್ಲಿ ರೆಕಾರ್ಡ್ ಮಾಡಿದೆ. ಅಂಥದ್ದೇ ತಗೊಳ್ಳಿ.

ಸೋಲ್ಡರ್ ಶಾರದಾ
ಅವರಿಗೆ ರೆಕಾರ್ಡಿಂಗ್ ಬೇಡ, ಮಾತು ಬೇಕು. ಕಿಟ್ಟಿ, ಬೋರ್ಡ್ ಯಾವುದು? ಫೋಟೋ ತೆಗೆಯುವ ಕಮಾಂಡ್ ಏನು? ಬಿಸಿ ಅನ್ನುವವರಿಗಾಗಿ `vcgencmd get_throttled` ಏನು ಹೇಳುತ್ತದೆ ನೋಡಿ. ಆಮೇಲೆ ಫೋಟೋ, ಕಳಿಸೋದು, ಉತ್ತರ, ಧ್ವನಿ, ಒಂದೊಂದಕ್ಕೂ ಎಷ್ಟು ಹೊತ್ತು ಅಂತ ಬೇರೆ ಬೇರೆ ಅಳೆದು ಹಾಕಿ.

ಕೌಲ್‌ಬಜಾರ್ ಕಿಟ್ಟಿ
ಪೈ ಝೀರೋ 2 ಡಬ್ಲ್ಯೂ, ಕ್ಯಾಮೆರಾ ಮಾಡ್ಯೂಲ್ 3. ಎಲ್ಲರೂ ಅದನ್ನೇ ಬಳಸ್ತಾರಲ್ವಾ ಅಂತ ಹೇಳಿರಲಿಲ್ಲ. `throttled=0x0` ಬಂತು. ಫೋಟೋಗೆ 6 ಸೆಕೆಂಡ್, ಕಳಿಸಲು 3, ಉತ್ತರಕ್ಕೆ 2, ಮಾತಿಗೆ 1. ಕಮಾಂಡ್:

```
rpicam-still -o a.jpg
```

ಸೋಲ್ಡರ್ ಶಾರದಾ
ಸಿಕ್ಕಿತು. 0x0 ಅಂದರೆ ಬೋರ್ಡ್ ಬಿಸಿಗೆ ನಿಧಾನ ಆಗಿಲ್ಲ. ಸಮಯ ಹೇಳದಿದ್ದರೆ ಈ ಕಮಾಂಡ್ 5 ಸೆಕೆಂಡ್ ಪ್ರಿವ್ಯೂ ತೋರಿಸಿ ಆಮೇಲೆ ಕ್ಲಿಕ್ ಮಾಡುತ್ತದೆ. ನಿಮ್ಮ ಬೋರ್ಡ್‌ಗೆ ಪರದೆಯೇ ಇಲ್ಲ, ಆದರೂ ಕಾಯುತ್ತಿದೆ. ಜೊತೆಗೆ 4608×2592 ಚಿತ್ರ ಪೂರ್ತಿ ಹೋಗುತ್ತಿದೆ. 3 ಸೆಕೆಂಡ್ ಅಲ್ಲಿ ಹೋಯಿತು. ಹೀಗೆ ಕೊಡಿ:

```
rpicam-still -n --immediate --width 768 --height 432 -o a.jpg
```

ರಾಯಚೂರು ವೈರ್‌ಮನ್
0x0 ಅಂದರೆ ಆಗ ನೆರಳಲ್ಲಿ ಇತ್ತು ಅಂತ.

ಕೌಲ್‌ಬಜಾರ್ ಕಿಟ್ಟಿ
ಅಕ್ಕಾ, ಒಟ್ಟು 4 ಸೆಕೆಂಡ್‌ಗೆ ಬಂತು! ಆದರೆ ರಸ್ತೆಯಲ್ಲಿ ಫೋಟೋ ಬೆಳ್ಳಗೆ ಸುಣ್ಣ ಬಳಿದ ಹಾಗೆ. ಮಾಡೆಲ್ "ಬಿಳಿ ಗೋಡೆ ಇದೆ" ಅನ್ನುತ್ತದೆ. ಮಾವ ನಿಂತುಬಿಟ್ಟರು.

ಸೋಲ್ಡರ್ ಶಾರದಾ
ತಪ್ಪು ನನ್ನದು. `--immediate` ಹಾಕಿದರೆ ಬೆಳಕು ಅಳೆಯುವ ಮೊದಲೇ ಕ್ಲಿಕ್ ಆಗುತ್ತದೆ. ಕ್ಯಾಮೆರಾ ಪ್ರತಿ ಸಲ ಹೊಸದಾಗಿ ತೆರೆಯಬೇಡಿ, ತೆರೆದೇ ಇಡಿ. ಬೇಕಾದಾಗ ಸಿಗ್ನಲ್ ಕೊಡಿ:

```
rpicam-still -n -t 0 --signal --width 768 --height 432 -o a.jpg &
pkill -USR1 rpicam-still
```

ಗವಿಮಠ ರಸ್ತೆ
ಸದಾ ತೆರೆದಿಟ್ಟರೆ ಬ್ಯಾಟರಿ ಗೋವಿಂದ ಅಲ್ವಾ?

ಸೋಲ್ಡರ್ ಶಾರದಾ
ಅದೇ ಬೆಲೆ, ಆದರೆ ಸಣ್ಣ ಬೆಲೆ. ನನ್ನ ಬೋರ್ಡ್‌ಗೆ ಯುಎಸ್‌ಬಿ ಮೀಟರ್ ಹಾಕಿ ನೋಡಿದ್ದೇನೆ. ಸುಮ್ನೆ ಇದ್ದಾಗ 0.2 ಆಂಪಿಯರ್, ಕ್ಯಾಮೆರಾ ತೆರೆದಾಗ 0.35 ಹತ್ತಿರ. 5000 ಎಂಎಎಚ್ ಪವರ್ ಬ್ಯಾಂಕ್ 5 ವೋಲ್ಟ್‌ಗೆ ಏರಿಸಿದಾಗ ಕೈಗೆ ಸಿಗೋದು ಸುಮಾರು 3000. ಎಂಟು ಗಂಟೆ ಆರಾಮ. ನಿಮ್ಮಲ್ಲಿ ಸಾಯುತ್ತಿರುವುದು ಫೋನ್. ಎಷ್ಟು ಹೊತ್ತಿಗೊಂದು ಫೋಟೋ ಕಳಿಸುತ್ತೀರಿ?

ಕೌಲ್‌ಬಜಾರ್ ಕಿಟ್ಟಿ
ಹಿಂದಿನದು ಮುಗಿದ ತಕ್ಷಣ ಇನ್ನೊಂದು. ಇಡೀ ದಿನ ಹಾಟ್‌ಸ್ಪಾಟ್ ಆನ್.

ಮೌನೇಶ, ಸಿಂಧನೂರು
ನಾನು ಹುಟ್ಟಾ ಕುರುಡ. ಇದನ್ನು ಟಾಕ್‌ಬ್ಯಾಕ್‌ನಲ್ಲಿ ಕೇಳಿ ಬರೆಯುತ್ತಿದ್ದೇನೆ. ನಿಮ್ಮ 4 ಸೆಕೆಂಡ್ ಅಂದರೆ ನನಗೆ ಐದಾರು ಹೆಜ್ಜೆ. ತೆರೆದ ಚರಂಡಿ ಅಷ್ಟರೊಳಗೇ ಬರುತ್ತದೆ. ನಡೆಯುವಾಗ ಕೋಲೇ ಸಾಕು, ಅದಕ್ಕೆ ತಡವೂ ಇಲ್ಲ, ಚಾರ್ಜೂ ಬೇಡ. ನಿಂತು ಕೇಳಿದಾಗ ಮಾತ್ರ ಇದು ಹೇಳಲಿ: ಯಾವ ಅಂಗಡಿ, ಬೋರ್ಡ್‌ನಲ್ಲಿ ಏನು ಬರೆದಿದೆ, ಬಸ್ ಯಾವ ಊರಿಗೆ. ಒಂದು ಬಟನ್ ಹಾಕಿ. ಕಿವಿ ಮುಚ್ಚುವ ಇಯರ್‌ಫೋನ್ ಮಾತ್ರ ಬೇಡ, ಆಟೋ ಸದ್ದು ಕೇಳಿಸಬೇಕು.

ಗವಿಮಠ ರಸ್ತೆ
ನೆಟ್ ಇಲ್ಲದೆ ಓಡುವ ಚಿಕ್ಕ ಮಾಡೆಲ್ ಹಾಕಿದರೆ ಹಾಟ್‌ಸ್ಪಾಟೇ ಬೇಡ.

ಸೋಲ್ಡರ್ ಶಾರದಾ
512 ಎಂಬಿ ರ‍್ಯಾಮ್‌ನ ಆ ಬೋರ್ಡ್‌ನಲ್ಲಾ? ಕನಸು. ಫೋನ್‌ನಲ್ಲಿ ಓಡಿಸಬಹುದು, ಆಗ ಫೋನೇ ಹಂಚಿನ ಹಾಗೆ ಕಾಯುತ್ತದೆ.

ರಾಯಚೂರು ವೈರ್‌ಮನ್
ಬಿಸಿ ಅಂತ ನಾನು ಮೊದಲೇ ಹೇಳಿದ್ದೆ.

ಕೌಲ್‌ಬಜಾರ್ ಕಿಟ್ಟಿ
ಮೌನೇಶಣ್ಣ ಹೇಳಿದ ಹಾಗೆ ಬಟನ್ ಹಾಕಿದೆ. "ಒಂದೇ ಸಾಲಲ್ಲಿ ಹೇಳು, ಬೋರ್ಡ್ ಇದ್ದರೆ ಓದು" ಅಂತ ಮಾಡೆಲ್‌ಗೆ ಬರೆದೆ. ಬಟನ್ ಒತ್ತಿ ಮಾತು ಶುರುವಾಗಲು 3 ಸೆಕೆಂಡ್. ಸಂಜೆ ಆರಕ್ಕೆ ಫೋನ್‌ನಲ್ಲಿ ಇನ್ನೂ 40 ಪರ್ಸೆಂಟ್ ಇತ್ತು. ಆದರೆ ಬಟನ್ ಸ್ವಲ್ಪ ಹೊತ್ತು ಒತ್ತದಿದ್ದರೆ ಹಾಟ್‌ಸ್ಪಾಟ್ ತಾನೇ ಆಫ್ ಆಗುತ್ತಿದೆ. ಸೆಟ್ಟಿಂಗ್‌ನಲ್ಲಿ ಅದನ್ನು ತಡೆಯುವ ಆಯ್ಕೆ ಸಿಗುತ್ತಿಲ್ಲ. ಯಾರಿಗಾದರೂ ಗೊತ್ತಾ?

ಗವಿಮಠ ರಸ್ತೆ
ಫೋನ್ ಯಾವುದು ಅಂತ ಈ ಸಲವೂ ಹೇಳಿಲ್ಲ ನೋಡಿ.