ಲಾಭ ಇಬ್ಬರದೂ 60 ಲಕ್ಷ, ಅವರ ಹೆಸರಿಗೆ ಕೋಟಿ, ನಮ್ಮದಕ್ಕೆ ಸೊನ್ನೆ ಯಾಕೆ?

ಪ್ರಶ್ನೆ: ದಾಲ್ ಮಿಲ್ ಮಾಲೀಕರು, ಕಲಬುರಗಿ

ನಮ್ಮದು ತೊಗರಿ ಬೇಳೆ ಮಿಲ್. 50 ಕಿಲೋ ಚೀಲದಲ್ಲಿ ದಲಾಲರ ಮೂಲಕ ಹೊರ ಊರುಗಳಿಗೆ ಕಳಿಸುತ್ತೇವೆ. ನಮ್ಮ ಬೀಗರದು ಪ್ಯಾಕೆಟ್ ಬೇಳೆ, ಸ್ವಂತ ಹೆಸರಲ್ಲಿ 1 ಕಿಲೋ ಪ್ಯಾಕ್. ತೆರಿಗೆ ಕಳೆದು ಇಬ್ಬರಿಗೂ ವರ್ಷಕ್ಕೆ ಸುಮಾರು 60 ಲಕ್ಷ ಉಳಿಯುತ್ತದೆ. ಹೊರಗಿನ ಒಂದು ಕಂಪನಿ ಇಬ್ಬರ ಹತ್ತಿರವೂ ಬಂದಿತ್ತು. ಬೀಗರ ಹೆಸರೊಂದಕ್ಕೇ ಕೋಟಿ ಚಿಲ್ಲರೆ ಹೇಳಿದರು. ನಮ್ಮ ಹೆಸರಿಗೆ ಏನೂ ಇಲ್ಲವಂತೆ. ನಮ್ಮದು 1980ರ ದಶಕದಿಂದ ನಡೆದ ಮಿಲ್. ಇದು ಯಾವ ಲೆಕ್ಕ?

ಕಾಮರ್ಸ್ ಉಪನ್ಯಾಸಕರು, ಬೀದರ್

ಜಾಹೀರಾತು ಸರ್. ಅವರು ವರ್ಷವರ್ಷ ಖರ್ಚು ಮಾಡಿದ್ದಾರೆ, ನೀವು ಮಾಡಿಲ್ಲ. ಹಾಕಿದ ದುಡ್ಡೇ ಬ್ರ್ಯಾಂಡ್ ಬೆಲೆಯಾಗಿ ನಿಲ್ಲುತ್ತದೆ.

ಚಾರ್ಟರ್ಡ್ ಅಕೌಂಟೆಂಟ್, ಕಲಬುರಗಿ

ಅರ್ಧ ಸರಿ, ಮೇಷ್ಟ್ರೇ. ಖರ್ಚಿನಿಂದ ಹೆಸರು ಬೆಳೆಯಬಹುದು. ಆದರೆ ಕೊಳ್ಳುವವರು ಖರ್ಚನ್ನು ಕೊಳ್ಳುವುದಿಲ್ಲ. ನಮ್ಮಲ್ಲೇ ಬಸ್ಸಿನ ಹಿಂದೆ, ಗೋಡೆ ಮೇಲೆ ಬರೆಸಿ ಬರೆಸಿ ಮುಚ್ಚಿಹೋದ ಮಸಾಲೆ ಪುಡಿ ಹೆಸರುಗಳು ಎಷ್ಟಿಲ್ಲ?

ಮಾಲೀಕರೇ, ನಿಮ್ಮ ಲೆಕ್ಕಕ್ಕೆ ಒಂದು ಮಾಹಿತಿ ಬೇಕು. ಜಾಗ, ಯಂತ್ರ, ದಾಸ್ತಾನು, ಬಾಕಿ ಬರಬೇಕಾದ್ದು ಎಲ್ಲ ಸೇರಿ ಇಬ್ಬರೂ ವ್ಯಾಪಾರದಲ್ಲಿ ಎಷ್ಟು ದುಡ್ಡು ತೊಡಗಿಸಿದ್ದೀರಿ?

ಮಿಲ್ ಮಾಲೀಕರು

ನಮ್ಮದು ನಾಲ್ಕೂವರೆ ಕೋಟಿ ಇದೆ. ಅವರದು ಎರಡು ಕೋಟಿ ಇರಬಹುದು. ಅವರಿಗೆ ಮಿಲ್ಲೇ ಇಲ್ಲ ಸರ್. ಬೇರೆಯವರ ಮಿಲ್‌ನಲ್ಲಿ ಕೂಲಿ ಕೊಟ್ಟು ಬೇಳೆ ಮಾಡಿಸಿ ಪ್ಯಾಕ್ ಮಾಡುತ್ತಾರೆ.

ಚಾರ್ಟರ್ಡ್ ಅಕೌಂಟೆಂಟ್

ನಿಮ್ಮ ಪ್ರಶ್ನೆಯ ಗಂಟು ಅಲ್ಲೇ ಇದೆ.

ಇಂಥ ವ್ಯಾಪಾರದಲ್ಲಿ ತೊಡಗಿಸಿದ ದುಡ್ಡು ವರ್ಷಕ್ಕೆ ನೂರಕ್ಕೆ 12ರಷ್ಟಾದರೂ ದುಡಿಯಬೇಕು ಅಂತ ಇಟ್ಟುಕೊಳ್ಳಿ. ನಿಮ್ಮ ನಾಲ್ಕೂವರೆ ಕೋಟಿಗೆ ಅದು 54 ಲಕ್ಷ ಆಯಿತು. ಅಂದರೆ 60ರಲ್ಲಿ 54 ಲಕ್ಷ ನಿಮ್ಮ ಜಾಗ, ಯಂತ್ರ, ಮಾಲು ದುಡಿದದ್ದು. ಮಿಕ್ಕಿದ್ದು 6 ಲಕ್ಷ. ಬೀಗರ ಎರಡು ಕೋಟಿಗೆ 24 ಲಕ್ಷ ಸಾಕು. ಅವರಿಗೆ 36 ಲಕ್ಷ ಮಿಕ್ಕಿತು. ಹೆಸರಿನ ಬೆಲೆ ಹುಟ್ಟುವುದು ಈ ಮಿಕ್ಕಿದ್ದರಲ್ಲಿ ಮಾತ್ರ. ಒಟ್ಟು ಲಾಭವನ್ನು ಎಷ್ಟು ಸಲ ನೋಡಿದರೂ ಇದು ಕಾಣುವುದಿಲ್ಲ.

ಆ 36 ಲಕ್ಷವೂ ಪೂರ್ತಿ ಹೆಸರಿನದಲ್ಲ. ಡೀಲರುಗಳ ಪರಿಚಯ ಇರುತ್ತದೆ, ಹೊತ್ತಿಗೆ ಸರಿಯಾಗಿ ಮಾಲು ತಲುಪಿಸುವ ಶಿಸ್ತು ಇರುತ್ತದೆ. ಹೆಸರಿನ ಪಾಲು ತಿಳಿಯಲು ನಾನು ಮೊದಲು ಹೋಗುವುದು ಕಿರಾಣಿ ಅಂಗಡಿಗೆ. ಆ ಪ್ಯಾಕೆಟ್ ಖಾಲಿ ಇದ್ದಾಗ ಗಿರಾಕಿ ಏನು ಮಾಡುತ್ತಾರೆ ಅಂತ ಕೇಳುತ್ತೇನೆ. ಪಕ್ಕದ ಪ್ಯಾಕೆಟ್ ಎತ್ತಿಕೊಂಡು ಹೋದರೆ ಹೆಸರಿಗೆ ಬಲವಿಲ್ಲ. ‘ನಾಳೆ ಬರುತ್ತೇನೆ, ಅದೇ ತರಿಸಿ’ ಅಂದರೆ ಇದೆ. ನಿಮ್ಮ ಬೀಗರ ಪಾಲು ನೂರಕ್ಕೆ 60 ಅಂತ ಹಿಡಿದರೆ 21.6 ಲಕ್ಷ. ನಿಮ್ಮ ದಲಾಲರು ಬೇಳೆಯ ಸ್ಯಾಂಪಲ್ ಅಂಗೈಯಲ್ಲಿ ಹರಡಿ ನೋಡಿ ರೇಟು ಹೇಳುತ್ತಾರೆ, ಚೀಲದ ಮೇಲಿನ ಹೆಸರು ಓದುವುದಿಲ್ಲ. ನಿಮ್ಮದು ನೂರಕ್ಕೆ 10 ಅಂದರೂ 60 ಸಾವಿರ.

ಇದು ಗಾಳಿಲೆಕ್ಕ ಅನಿಸಿದರೆ ಇನ್ನೊಂದು ದಾರಿಯಿಂದ ತಾಳೆ ನೋಡಬೇಕು. ಬೀಗರು ವರ್ಷಕ್ಕೆ ಎಷ್ಟು ಮಾರುತ್ತಾರೆ? ಅದೇ ದರ್ಜೆಯ ಬಿಡಿ ಬೇಳೆಗಿಂತ ಎಷ್ಟು ಜಾಸ್ತಿಗೆ?

ಮಿಲ್ ಮಾಲೀಕರು

8 ಲಕ್ಷ ಕಿಲೋ ಹತ್ತಿರ. ಕಿಲೋಗೆ 9 ರೂಪಾಯಿ ಜಾಸ್ತಿ. ಪ್ಯಾಕಿಂಗ್, ಡೀಲರ್ ಕಮಿಷನ್, ಸ್ಕೀಮು ಅಂತ ಐದೂವರೆ ಹೋಗುತ್ತದೆ ಅಂತ ಅವರೇ ಹೇಳುತ್ತಿರುತ್ತಾರೆ.

ಚಾರ್ಟರ್ಡ್ ಅಕೌಂಟೆಂಟ್

ಕಿಲೋಗೆ ಮೂರೂವರೆ ಉಳಿಯಿತು. 8 ಲಕ್ಷ ಕಿಲೋಗೆ 28 ಲಕ್ಷ. ತೆರಿಗೆ ಕಾಲು ಭಾಗ ತೆಗೆದರೆ 21 ಲಕ್ಷ. ಎರಡು ದಾರಿಯೂ ಹತ್ತಿರ ಹತ್ತಿರ ಬಂತಲ್ಲ, ಲೆಕ್ಕ ನಂಬಬಹುದು. ಇದನ್ನು ಎಷ್ಟು ವರ್ಷದ ಗಳಿಕೆಗೆ ಕೊಳ್ಳುತ್ತಾರೆ ಅನ್ನುವುದು ಕೊನೆಯ ಮೆಟ್ಟಿಲು. 21.6 ಲಕ್ಷಕ್ಕೆ ಐದು ಪಟ್ಟು ಅಂದರೆ 1 ಕೋಟಿ 8 ಲಕ್ಷ. ನಿಮ್ಮ 60 ಸಾವಿರಕ್ಕೆ ಎರಡು ಪಟ್ಟು ಕೊಟ್ಟರೂ 1.2 ಲಕ್ಷ. ಅದಕ್ಕೇ ‘ಏನೂ ಇಲ್ಲ’ ಅಂದಿದ್ದಾರೆ.

ಬ್ಯಾಲೆನ್ಸ್ ಶೀಟ್‌ನಲ್ಲಿ ಹುಡುಕಬೇಡಿ. ತಾನೇ ಬೆಳೆಸಿದ ಹೆಸರನ್ನು ಆಸ್ತಿ ಅಂತ ಬರೆಯಲು ನಮ್ಮ ಲೆಕ್ಕಪತ್ರದ ನಿಯಮ ಬಿಡುವುದಿಲ್ಲ. ದುಡ್ಡು ಕೊಟ್ಟು ಕೊಂಡವರ ಪುಸ್ತಕದಲ್ಲಿ ಮಾತ್ರ ಅದು ಕಾಣುತ್ತದೆ.

ರೊಟ್ಟಿ ಕೇಂದ್ರ ನಡೆಸುವವರು, ಯಾದಗಿರಿ

ಸರ್, ನಮ್ಮ ಜೋಳದ ರೊಟ್ಟಿಗೂ ಹೆಸರಿದೆ. ಪುಣೆ, ಹೈದರಾಬಾದಿಗೆಲ್ಲ ಹೋಗುತ್ತದೆ. ಹಾಗಾದರೆ ಆ ಹೆಸರಿನ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆಯೇ?

ಚಾರ್ಟರ್ಡ್ ಅಕೌಂಟೆಂಟ್

ಬರೀ ಹೆಸರು ತೋರಿಸಿದರೆ ಕಷ್ಟ ಅಕ್ಕಾ. ಬ್ಯಾಂಕಿನವರು ಜಾಗ, ಯಂತ್ರ, ವಹಿವಾಟು ನೋಡುತ್ತಾರೆ. ರೊಟ್ಟಿ ಯಾರ ಚೀಟಿಯಲ್ಲಿ ಹೋಗುತ್ತಿದೆ, ನಿಮ್ಮದೋ ಅಂಗಡಿಯವರದೋ?

ರೊಟ್ಟಿ ಕೇಂದ್ರ ನಡೆಸುವವರು

ಅಂಗಡಿಯವರದೇ ಚೀಟಿ. ನಾವು ಬರೀ ಕಟ್ಟು ಕಟ್ಟಿ ಕಳಿಸುತ್ತೇವೆ.

ಚಾರ್ಟರ್ಡ್ ಅಕೌಂಟೆಂಟ್

ಹಾಗಿದ್ದರೆ ನಿಮ್ಮ ರುಚಿಗೆ ಬೆಳೆಯುತ್ತಿರುವುದು ಅವರ ಹೆಸರು. ಮೊದಲು ಚೀಟಿ ಬದಲಿಸಿ, ಸಾಲದ ಮಾತು ಆಮೇಲೆ.

ನಿವೃತ್ತ ಗುಮಾಸ್ತರು, ಗಂಜ್

ನಲವತ್ತು ವರ್ಷ ಅಡತಿಯಲ್ಲಿ ಲೆಕ್ಕ ಬರೆದವನು ನಾನು. ಯಾವ ವರ್ಷದ ಲಾಭ ಅಂತ ಯಾರೂ ಕೇಳಲಿಲ್ಲವಲ್ಲ! 2015ರಲ್ಲಿ ಬೇಳೆ ಕಿಲೋ 200 ರೂಪಾಯಿ ದಾಟಿತ್ತು. ತೊಗರಿ ಕೂಡಿಟ್ಟವರೆಲ್ಲ ಸಾಹುಕಾರರೇ ಆಗ. ಆಮೇಲೆ ರೇಟು ಬಿದ್ದಾಗ ಮುಖ ನೋಡಬೇಕಿತ್ತು.

ಚಾರ್ಟರ್ಡ್ ಅಕೌಂಟೆಂಟ್

ಒಳ್ಳೆಯ ನೆನಪು ಮಾಡಿದಿರಿ. ಅಂಥದ್ದೇ ಒಂದು ವರ್ಷವನ್ನು ನಂಬಿ ನಾನೂ ಒಮ್ಮೆ ಒಂದು ಮಿಲ್‌ಗೆ ಜಾಸ್ತಿ ಬೆಲೆ ಕಟ್ಟಿ ಪೇಚಾಡಿದ್ದೇನೆ. ಗೋದಾಮಿನಲ್ಲಿದ್ದ ಹಳೇ ತೊಗರಿಗೆ ರೇಟು ಏರಿದ್ದರಿಂದ ಬಂದ ಲಾಭ ಅದು. ಹೆಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಈಗ ಕನಿಷ್ಠ ಮೂರು ವರ್ಷದ ಸರಾಸರಿ ಇಲ್ಲದೆ ಪೆನ್ನು ಮುಟ್ಟುವುದಿಲ್ಲ. ರೇಟು ಏರಿದ ವರ್ಷವೂ ಇಳಿದ ವರ್ಷವೂ ಕಿಲೋ ಮೇಲಿನ ಆ 9 ರೂಪಾಯಿ ಹಾಗೇ ನಿಂತಿತ್ತೇ, ಅದನ್ನೂ ನೋಡುತ್ತೇನೆ.

ಕಾಮರ್ಸ್ ಉಪನ್ಯಾಸಕರು, ಬೀದರ್

ಒಪ್ಪಿದೆ. ಆದರೆ ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ಆ ಹೆಸರಿನ ಬೆಲೆ ಇಬ್ಬರಿಗೂ ಸೇರಬೇಕಲ್ಲ?

ಚಾರ್ಟರ್ಡ್ ಅಕೌಂಟೆಂಟ್

ಅದು ಊರಿನ ಹೆಸರು, ಊರವರೆಲ್ಲರ ಪಾಲು. ಒಬ್ಬರು ಮಾರಿಕೊಳ್ಳಲು ಬರುವುದಿಲ್ಲ. ಬೀಗರಿಗೆ ಸಿಗುವ 9 ರೂಪಾಯಿಯಲ್ಲಿ ಊರಿನದೆಷ್ಟು, ಪ್ಯಾಕೆಟ್‌ನದೆಷ್ಟು ಅಂತ ಬೇರೆ ಮಾಡುವುದು ನನಗೂ ಇವತ್ತಿಗೂ ತಲೆನೋವೇ.

ಮಿಲ್ ಮಾಲೀಕರು

ಬೀಗರ ಪ್ಯಾಕೆಟ್ ಹೆಸರಲ್ಲೇ ‘ಕಲಬುರಗಿ’ ಇದೆ. ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದ್ದಾರೆ, ಇನ್ನೂ ಬಂದಿಲ್ಲ.

ಚಾರ್ಟರ್ಡ್ ಅಕೌಂಟೆಂಟ್

ಹಾಗಾದರೆ ನಾನು ಹಿಡಿದ ಐದು ಪಟ್ಟು ಅನ್ನುವುದೇ ಜಾಸ್ತಿಯಾಯಿತು. ಮಾಲು ಎಲ್ಲಿಯದು ಅಂತಷ್ಟೇ ಹೇಳುವ ಪದಕ್ಕೆ ಟ್ರೇಡ್‌ಮಾರ್ಕ್‌ನವರು ತಕರಾರು ತೆಗೆಯುತ್ತಾರೆ. ನೋಂದಣಿ ಆಗದಿದ್ದರೆ ನಾಳೆ ಅಂಥದ್ದೇ ಬಣ್ಣದ ಪ್ಯಾಕೆಟ್ ಇನ್ನೊಬ್ಬರು ತಂದರೆ ತಡೆಯುವುದು ಕಷ್ಟ. ಮೂರು ಪಟ್ಟಿಗೆ ಇಳಿದರೆ ಅದೇ ಹೆಸರು 65 ಲಕ್ಷ. ವಕೀಲರಿಗೆ ಕಾಗದ ತೋರಿಸದೆ ಆ ಕಂಪನಿ ಕೋಟಿ ಕೊಡುತ್ತದೆ ಅಂತ ನನಗನಿಸುವುದಿಲ್ಲ.

ಇನ್ನೊಂದು ಮಾತು. ನೀವು ಸುಮ್ನೆ ಬೇಜಾರು ಮಾಡಿಕೊಂಡಿದ್ದೀರಿ. ಬೀಗರದು ಆಸ್ತಿ ಎರಡು ಕೋಟಿ, ಹೆಸರು ಒಂದು ಕೋಟಿ, ಸೇರಿ ಮೂರು. ನಿಮ್ಮದು ಹೆಸರಿಲ್ಲದೆಯೇ ನಾಲ್ಕೂವರೆ. ಹೆಸರಿನ ಬೆಲೆ ಬೇರೆ, ವ್ಯಾಪಾರದ ಬೆಲೆ ಬೇರೆ. ಆದರೆ ಅವರು ಎರಡು ಕೋಟಿಯಲ್ಲಿ ದುಡಿದದ್ದನ್ನು ದುಡಿಯಲು ನಿಮಗೆ ನಾಲ್ಕೂವರೆ ಬೇಕಾಯಿತು, ಅದೂ ನಿಜ.

ನಿವೃತ್ತ ಗುಮಾಸ್ತರು, ಗಂಜ್

ಒಂದು ಕೇಳಲಾ ಮಾಲೀಕರೇ? ಇಬ್ಬರು ಮಕ್ಕಳು ಬೆಳಗಿನಿಂದ ಮಿಲ್‌ನಲ್ಲೇ ಇರುತ್ತಾರೆ ಅಂತ ಹಿಂದೆ ಬರೆದಿದ್ದಿರಿ. ಅವರ ಸಂಬಳ ಖರ್ಚಿಗೆ ಬರೆದೇ 60 ಲಕ್ಷವೋ?

ಮಿಲ್ ಮಾಲೀಕರು

ಮನೆ ಮಕ್ಕಳಿಗೆ ಎಂಥ ಸಂಬಳ?

ಚಾರ್ಟರ್ಡ್ ಅಕೌಂಟೆಂಟ್

ಅಯ್ಯೋ. ಹಾಗಿದ್ದರೆ ಆ 6 ಲಕ್ಷವೂ ಮಿಕ್ಕಿಲ್ಲ. ಹೊರಗಿನವರನ್ನು ಇಟ್ಟುಕೊಂಡರೆ ಎಷ್ಟು ಕೊಡಬೇಕಿತ್ತೋ ಅದನ್ನು ಬರೆದುಕೊಂಡು, ಮೂರು ವರ್ಷದ ಲೆಕ್ಕ ಹಿಡಿದು ಸೋಮವಾರ ಬನ್ನಿ.