ಬೆರಳು ತೋರಿಸೋ ಇಬ್ಬರು ಸ್ಪೈಡರ್‌ಮ್ಯಾನ್: ಇದು ಸೋಗಲಾಡಿತನದ ಚಿತ್ರಾನಾ?

ಕೆಂಪುಹೆಂಚು: ಇಬ್ಬರು ಸ್ಪೈಡರ್‌ಮ್ಯಾನ್ ಒಬ್ಬರಿಗೊಬ್ಬರು ಬೆರಳು ತೋರಿಸೋ ಮೀಮನ್ನ "ಎರಡೂ ಪಕ್ಷದವರು ಒಂದೇ" ಅನ್ನೋಕೆ ಹಾಕ್ತಾರಲ್ಲ, ಅದು ನಿಜವಾಗ್ಲೂ ಸೋಗಲಾಡಿತನದ ಬಗ್ಗೆನಾ? ಯಾವಾಗ ಸರಿ ಹೊಂದುತ್ತೆ, ಯಾವಾಗ ಇಲ್ಲ?

ಪಾಪ್‌ಕಾರ್ನ್ ಪುಟ್ಟ: ಅದು 2021ರ ನೋ ವೇ ಹೋಮ್ ಸಿನಿಮಾದ ಸೀನ್ ಅಲ್ವಾ? ಅಲ್ಲಿ ಮೂರು ಜನ ಇದ್ದಾರೆ, ಜಗಳಾನೇ ಇಲ್ಲ. ಇದರಲ್ಲಿ ಸೋಗಲಾಡಿತನ ಎಲ್ಲಿ ಬಂತು?

ನೂಲುಹುಳ: ಅಲ್ಲಪ್ಪ, ಮೂಲ 1967ರಲ್ಲಿ ಶುರುವಾದ ಕಾರ್ಟೂನ್ ಸರಣಿಯದು, 'ಡಬಲ್ ಐಡೆಂಟಿಟಿ' ಅನ್ನೋ ಕಂತು. ಆ ಮೂವರು ನಟರು 2022ರಲ್ಲಿ ಬೆರಳು ತೋರಿಸಿಕೊಂಡು ನಿಂತ ಫೋಟೋ ಹಳೇ ಮೀಮಿನ ನಕಲು. ಕಾರ್ಟೂನಿನಲ್ಲಿ ಚಾರ್ಲ್ಸ್ ಕ್ಯಾಮಿಯೋ ಅನ್ನೋ ನಟ ಸ್ಪೈಡರ್‌ಮ್ಯಾನ್ ವೇಷ ಹಾಕಿ ಕಳ್ಳತನ ಮಾಡ್ತಾನೆ. ಅಂದ್ರೆ ಆ ಇಬ್ಬರಲ್ಲಿ ಒಬ್ಬ ಅಸಲಿ, ಒಬ್ಬ ಸೋಗು ಹಾಕಿದವನು. ಕಥೆಯಲ್ಲಿ ಒಂದು ಬೆರಳು ಸತ್ಯ, ಇನ್ನೊಂದು ಸುಳ್ಳು. ಒಂದೇ ಫ್ರೇಮ್ ಕತ್ತರಿಸಿ ತೆಗೆದಾಗ ಯಾರು ಯಾರು ಅನ್ನೋದೇ ಹೋಯ್ತು. ಖರ್ಚು ಉಳಿಸೋಕೆ ಆ ಸರಣಿಯಲ್ಲಿ ಮೈಮೇಲಿನ ಬಲೆಯ ಗೆರೆಗಳನ್ನೂ ಬಹಳಷ್ಟು ಬಿಟ್ಟುಬಿಟ್ಟಿದ್ರು, ಹಾಗಾಗಿ ವ್ಯತ್ಯಾಸ ಹುಡುಕೋಕೂ ಏನಿಲ್ಲ.

ಅಡಿಕೆಪತ್ರ: ಹಾಗಾದ್ರೆ ಅರ್ಥ ಸ್ಪಷ್ಟ. "ನೀನೂ ಮಾಡಿದ್ದೀಯ, ನಾನೂ ಮಾಡಿದ್ದೀನಿ, ಇಬ್ಬರೂ ಸಮ." ನಮ್ಮ ಗಾದೆನೂ ಇದನ್ನೇ ಹೇಳೋದು: ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆಯ ನೊಣ ತೋರಿಸ್ದ.

ನೂಲುಹುಳ: ಅರ್ಧ ಸರಿ. ಗಾದೆಯಲ್ಲಿ ಅಳತೆ ಇದೆ ನೋಡಿ. ಒಂದು ಹೆಗ್ಗಣ, ಒಂದು ನೊಣ. ಸೋಗಲಾಡಿತನ ಕಾಣೋದೇ ಆ ಗಾತ್ರದ ವ್ಯತ್ಯಾಸದಿಂದ. ಮೀಮಿನಲ್ಲಿ ಇಬ್ಬರದೂ ಒಂದೇ ಎತ್ತರ, ಒಂದೇ ಬಟ್ಟೆ. ಹೆಗ್ಗಣದವನಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಅದಕ್ಕೇ ತಪ್ಪು ಜಾಸ್ತಿ ಇರೋ ಕಡೆಯವರೇ ಇದನ್ನ ಮೊದಲು ಹಾಕ್ತಾರೆ ಅಂತ ನನ್ನ ಗುಮಾನಿ.

ಮಾಡೋವಾಗ ಒಂದು ಪರೀಕ್ಷೆ ಇದೆ. ಎದೆ ಮೇಲೆ ಇಬ್ಬರ ಹೆಸರು ಬರೀರಿ, ಮೇಲೆ ಆರೋಪವನ್ನ ಒಂದೇ ಸಾಲಲ್ಲಿ. ಆಮೇಲೆ ಹೆಸರು ಅದಲು ಬದಲು ಮಾಡಿ ಓದಿ. ಆಗಲೂ ನಿಜವಾಗಿದ್ರೆ ಈ ಚಿತ್ರ ಸರಿ, ಇಲ್ಲದಿದ್ರೆ ಬೇರೆ ಚಿತ್ರ ಹುಡುಕಿ. ಆರೋಪದ ಸಾಲು ಬಿಟ್ಟರಂತೂ ಜನ ಅದನ್ನ "ಅರೆ, ಸೇಮ್ ಟು ಸೇಮ್" ಅಂತ ಖುಷಿಯ ಚಿತ್ರ ಅಂದ್ಕೋತಾರೆ.

ಪಾಪ್‌ಕಾರ್ನ್ ಪುಟ್ಟ: ನಾನು ಒಂದೇ ಶರ್ಟ್ ಹಾಕಿದ ಅಣ್ಣ ತಮ್ಮನ ಫೋಟೋಗೆ ಕಾಮೆಂಟಲ್ಲಿ ಹಾಕೋದು ಇದನ್ನೇ 😀

ಕೆಂಪುಹೆಂಚು: ಅದು ಆ ಖುಷಿಯ ಬಗೆ. ನೂಲುಹುಳ ಅವರೇ, ಆ ಪರೀಕ್ಷೆನ ನಮ್ಮ ರೆಸಾರ್ಟ್ ರಾಜಕೀಯದ ಮೇಲೆ ಮಾಡಿ ತೋರಿಸಿ.

ನೂಲುಹುಳ: 2019ರ ಜನವರಿ ತಗೊಳ್ಳಿ. ಬಿಜೆಪಿ ಶಾಸಕರು ಗುರುಗ್ರಾಮದಲ್ಲಿ, ಕಾಂಗ್ರೆಸ್ ಶಾಸಕರು ಬಿಡದಿಯ ರೆಸಾರ್ಟಿನಲ್ಲಿ. ಇಬ್ಬರೂ ಹೇಳಿದ್ದು "ಅವರು ನಮ್ಮವರನ್ನ ಸೆಳೀತಿದ್ದಾರೆ" ಅಂತ. ಮೇಲಿನ ಸಾಲು "ಶಾಸಕರನ್ನ ಕೂಡಿಹಾಕಿದ್ರು" ಅಂತಿದ್ರೆ ಹೆಸರು ಬದಲಿಸಿದ್ರೂ ನಿಜ. "ಶಾಸಕರನ್ನ ಸೆಳೆದ್ರು" ಅಂತ ಬರೆದ್ರೆ ಬದಲಿಸೋಕಾಗಲ್ಲ. ಆ ವರ್ಷ ಜುಲೈನಲ್ಲಿ ರಾಜೀನಾಮೆ ಕೊಟ್ಟವರು ಕಾಂಗ್ರೆಸ್ ಮತ್ತು ಜೆಡಿಎಸ್‌ನವರು. ವಿಶ್ವಾಸಮತದಲ್ಲಿ 99ಕ್ಕೆ 105 ಆಗಿ ಸರ್ಕಾರ ಬಿತ್ತು. ಚಿತ್ರ ಒಂದೇ, ಮೇಲಿನ ಒಂದು ಕ್ರಿಯಾಪದ ಬದಲಾದ್ರೆ ನಿಜ ಸುಳ್ಳಾಗುತ್ತೆ.

ಅಡಿಕೆಪತ್ರ: ಜುಲೈ ಒಂದನ್ನೇ ಯಾಕೆ ಹಿಡೀತೀರಿ? 2018ರ ಮಾರ್ಚ್‌ನಲ್ಲಿ ಏಳು ಜನ ಜೆಡಿಎಸ್ ಬಂಡಾಯ ಶಾಸಕರು ಕಾಂಗ್ರೆಸ್ ಸೇರಿದ್ರಲ್ಲ. ಎಲ್ಲಿಂದ ಎಣಿಸೋಕೆ ಶುರು ಮಾಡ್ತೀರಿ ಅನ್ನೋದರ ಮೇಲೆ ನಿಮ್ಮ ಪರೀಕ್ಷೆಯ ಉತ್ತರ ಬದಲಾಗುತ್ತೆ.

ನೂಲುಹುಳ: ಒಪ್ಪಿದೆ, ಅದು ಪರೀಕ್ಷೆಯ ದೌರ್ಬಲ್ಯ. ಆದ್ರೆ ಚುನಾವಣೆ ಹತ್ತಿರ ಬಂದಾಗ ಬೇರೆ ಪಕ್ಷದ ಟಿಕೆಟ್ ನೋಡಿ ಹೋಗೋದು, ನಡೀತಿರೋ ಸರ್ಕಾರ ಬೀಳೋ ಹಾಗೆ ಹೋಗೋದು, ಎರಡೂ ಒಂದೇ ತಪ್ಪಾ? ನನಗೆ ಅಲ್ಲ ಅನ್ಸುತ್ತೆ.

ಅಡಿಕೆಪತ್ರ: ನನಗೆ ಒಂದೇ ಅನ್ಸುತ್ತೆ.

ಕಡಲಕಾಗೆ: ಇಷ್ಟೊತ್ತು ಓದಿದೆ, ಒಂದು ಮಾತು ಯಾರೂ ಹೇಳಲಿಲ್ಲ. ಇಬ್ಬರೂ ಒಂದೇ ತಪ್ಪು ಮಾಡಿದ್ರೆ ಇಬ್ಬರ ಆರೋಪವೂ ನಿಜ ಅಂತಾಯ್ತು. ಕಳ್ಳ ಇನ್ನೊಬ್ಬನನ್ನ ಕಳ್ಳ ಅಂದ್ರೆ ಮಾತು ಸುಳ್ಳಾಗಲ್ಲ, ಅವನಿಗೆ ಹೇಳೋ ಯೋಗ್ಯತೆ ಇಲ್ಲ ಅಷ್ಟೆ. ಮೀಮ್ ನೋಡಿ ನಗೋರು ಎರಡೂ ಆರೋಪವನ್ನ ಒಟ್ಟಿಗೆ ಮರೆತು ಮುಂದಕ್ಕೆ ಸ್ಕ್ರಾಲ್ ಮಾಡ್ತಾರೆ.

ಪಾಪ್‌ಕಾರ್ನ್ ಪುಟ್ಟ: ಅದ್ಸರಿ, ಆ ಕಂತಿನಲ್ಲಿ ಕೊನೆಗೆ ನಕಲಿ ಸಿಕ್ಕಿಬಿದ್ನಾ?

ನೂಲುಹುಳ: ಸಿಕ್ಕಿಬಿದ್ದ. ಆ ಫ್ರೇಮ್ ಮಾತ್ರ ಯಾರೂ ಮೀಮ್ ಮಾಡಲ್ಲ.