ಮಗಳ ಪ್ರವೇಶಕ್ಕೆ ಮ್ಯಾನೇಜರ್ ರಜೆ: ಪತ್ರ ವಾಪಸ್ ಬಾರದಂತೆ ಬರೆಯುವುದು ಹೇಗೆ?

ಪ್ರಶ್ನೆ (ಸುರಪುರ ಕಡೆಯ ಶಾಖಾ ವ್ಯವಸ್ಥಾಪಕ): ಮಗಳ ಸಿಇಟಿ ಕೌನ್ಸೆಲಿಂಗ್ ಮತ್ತು ಬೆಂಗಳೂರಿನ ಹಾಸ್ಟೆಲ್‌ಗೆ ಸೇರಿಸುವ ಸಲುವಾಗಿ ಹತ್ತು ದಿನ ರಜೆ ಕೇಳಿದ್ದೆ. ‘ವಿವರ ಸಾಲದು’ ಎಂದು ಪ್ರಾದೇಶಿಕ ಕಚೇರಿಯಿಂದ ಪತ್ರ ಮರಳಿತು. ಹೇಗೆ ಬರೆಯಲಿ?

ಕಲಬುರಗಿಯ ನಿವೃತ್ತ ಮುಖ್ಯ ವ್ಯವಸ್ಥಾಪಕರು: ಮಗಳ ವಿಷಯಕ್ಕೆ ಒಂದು ವಾಕ್ಯ ಸಾಕು, ಕಚೇರಿಗೆ ಬೇಕಾಗಿರುವುದು ಶಾಖೆಯ ಚಾರ್ಜ್ ಮತ್ತು ಕೀಲಿ ಯಾರ ಬಳಿ ಇರುತ್ತವೆ ಎಂಬುದು. ಆಯ್ಕೆಗಳನ್ನು ನಮೂದಿಸುವುದು ಮನೆಯಿಂದಲೇ ಆಗುವ ಕೆಲಸ, ಅದಕ್ಕೆ ರಜೆ ಬೇಡ. ಸೀಟು ಹಂಚಿಕೆಯಾದ ಮೇಲೆ ಮಗಳು ಆ ಸೀಟನ್ನೇ ಒಪ್ಪಿಕೊಳ್ಳುವ ಒಂದನೇ ಆಯ್ಕೆ ಒತ್ತಿ ಶುಲ್ಕ ಕಟ್ಟಿದರಷ್ಟೇ ಕಾಲೇಜಿಗೆ ಹೋಗಬೇಕಾಗುತ್ತದೆ. ಎರಡನೆಯದನ್ನು ಒತ್ತಿದರೆ ಮುಂದಿನ ಸುತ್ತಿನವರೆಗೆ ಕಾಯಬೇಕು, ಆಗ ಮಂಜೂರಾದ ರಜೆಯೇ ರದ್ದಾಗಬೇಕಾಗುತ್ತದೆ. ಆದ್ದರಿಂದ ಮನೆಯಲ್ಲಿ ಇದನ್ನು ಮೊದಲು ತೀರ್ಮಾನಿಸಿಕೊಂಡು, ವೇಳಾಪಟ್ಟಿಯ ಪ್ರತಿ ಲಗತ್ತಿಸಿ ಬರೆಯಿರಿ.

ನನ್ನ ಮಗಳ ವೇಳೆ ನಾನು ಬರೆದದ್ದು ಹೀಗಿತ್ತು: ‘ಎರಡನೇ ಶನಿವಾರ ಹಾಗೂ ಭಾನುವಾರವನ್ನು ಮುಂಚೆ ಸೇರಿಸಿಕೊಂಡು, ಸೋಮವಾರದಿಂದ ಗುರುವಾರದವರೆಗೆ 4 ದಿನ ಸಾಂದರ್ಭಿಕ ರಜೆಯನ್ನೂ, ಶುಕ್ರವಾರ ಸಂಜೆ ವ್ಯವಹಾರ ಮುಗಿದ ಬಳಿಕ ಕೇಂದ್ರಸ್ಥಾನ ಬಿಡುವ ಅನುಮತಿಯನ್ನೂ ಕೋರುತ್ತೇನೆ. ನಗದು ಮತ್ತು ಚಿನ್ನದ ಪೊಟ್ಟಣಗಳನ್ನು ಎಣಿಸಿ, ನನ್ನ ಪಾಲಿನ ಕೀಲಿಯನ್ನು ಸಹಿ ಪಡೆದು ಸಹಾಯಕ ವ್ಯವಸ್ಥಾಪಕರಿಗೆ ಒಪ್ಪಿಸುತ್ತೇನೆ.’ ಮೊದಲ ಸಲ ನಾನು ಸೋಮವಾರದಿಂದ ಮಾತ್ರ ಅನುಮತಿ ಕೇಳಿದ್ದೆ. ಶನಿವಾರವೇ ಊರು ಬಿಟ್ಟಿದ್ದಕ್ಕೆ ವಿವರಣೆ ಬರೆದುಕೊಡಬೇಕಾಯಿತು.

ಬೀದರ್‌ನ ಅಧಿಕಾರಿ: ನಾಲ್ಕು ದಿನ ಸಾಲದಿದ್ದರೆ ಅದರ ಬೆನ್ನಿಗೇ ಪಿ.ಎಲ್. ಸೇರಿಸಿ, ಭಾನುವಾರ ಹೇಗೂ ಲೆಕ್ಕಕ್ಕೆ ಬರುವುದಿಲ್ಲ.

ನಿವೃತ್ತ ಮುಖ್ಯ ವ್ಯವಸ್ಥಾಪಕರು: ನಾಲ್ಕು ದಿನದ ಮಿತಿ ನಿಜ, ಆದರೆ ಸಾಂದರ್ಭಿಕ ರಜೆಗೆ ಪಿ.ಎಲ್. ಜೋಡಿಸಲಾಗದು. ಐದನೇ ದಿನ ಬೇಕೆಂದಾದರೆ ಇಡೀ ಅವಧಿಗೇ ಪಿ.ಎಲ್. ಕೇಳಬೇಕು, ಆಗ ನಡುವೆ ಬರುವ ಭಾನುವಾರವೂ ರಜೆಯ ಲೆಕ್ಕಕ್ಕೇ ಸೇರುತ್ತದೆ.

ಯಾದಗಿರಿಯ ಗೃಹಿಣಿ: ನಮ್ಮವರೂ ಬ್ಯಾಂಕಿನಲ್ಲೇ ಇದ್ದಾರೆ. ನಮಗೆ ರಜೆಗಿಂತ 371(ಜೆ) ಪ್ರಮಾಣಪತ್ರದ್ದೇ ದೊಡ್ಡ ತಲೆನೋವಾಗಿತ್ತು. ಮಗಳ ಹೆಸರಿನ ಒಂದು ಅಕ್ಷರ ಅಂಕಪಟ್ಟಿಗೆ ಹೊಂದಲಿಲ್ಲವೆಂದು ಮತ್ತೆ ಓಡಾಡಿದೆವು. ಅಣ್ಣಾವ್ರು ಅದನ್ನು ಈಗಲೇ ನೋಡಿಕೊಳ್ಳಲಿ.

ಕೇಳಿದವರು: ಅಂಕಪಟ್ಟಿಯೊಂದಿಗೆ ಹೋಲಿಸಿದೆ ಅಕ್ಕಾ, ಹೆಸರು ಸರಿಯಾಗಿದೆ. ಸರ್, ನೀವು ಹೇಳಿದಂತೆ ನಾಲ್ಕೇ ದಿನ ಕೇಳುತ್ತೇನೆ. ಆದರೆ ನಮ್ಮಲ್ಲಿರುವ ಏಕೈಕ ಅಧಿಕಾರಿ ಇನ್ನೂ ಪ್ರೊಬೇಷನ್‌ನಲ್ಲಿದ್ದಾರೆ. ಅವರ ಹೆಸರು ಬರೆಯಬಹುದೇ?

ನಿವೃತ್ತ ಮುಖ್ಯ ವ್ಯವಸ್ಥಾಪಕರು: ನಾನಾಗಿದ್ದರೆ ಬರೆಯುತ್ತಿರಲಿಲ್ಲ, ಆ ನಾಲ್ಕು ದಿನಕ್ಕೆ ಹತ್ತಿರದ ಶಾಖೆಯಿಂದ ಒಬ್ಬ ಅಧಿಕಾರಿಯನ್ನು ನಿಯೋಜಿಸಲು ಅದೇ ಪತ್ರದಲ್ಲಿ ಕೋರುತ್ತಿದ್ದೆ.

ಬೀದರ್‌ನ ಅಧಿಕಾರಿ: ನಮ್ಮ ಕಡೆ ಪ್ರೊಬೇಷನರ್ ಕೈಗೇ ಕೀಲಿ ಕೊಟ್ಟದ್ದಿದೆ ಸರ್, ಯಾರೂ ಆಕ್ಷೇಪಿಸಲಿಲ್ಲ.

ನಿವೃತ್ತ ಮುಖ್ಯ ವ್ಯವಸ್ಥಾಪಕರು: ಆ ವಾರ ತಪಾಸಣೆ ಬಂದಿರಲಿಲ್ಲ ಎನ್ನಿ.